ಏಪ್ರಿಲ್‌ನಲ್ಲೇ ಬಿಡಬೇಕು ಅಂದಿದ್ದ ಕೆಲಸ: ಒಂದು ವರ್ಷದ ವಿರಾಮಕ್ಕೆ ಏಳು ಲಕ್ಷ ಹೊಂದಿಸಿದ ಕಥೆ

ತೆರಿಗೆ ರಿಟರ್ನ್ ತುಂಬಿಕೊಡುವುದು ನನ್ನ ಕೆಲಸ. ವರ್ಷಕ್ಕೆ ನಾಲ್ಕೈದು ಜನ ಆದರೂ ಒಂದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ: "ಸರ್, ಒಂದು ವರ್ಷ ಕೆಲಸ ಬಿಡಬೇಕು ಅಂತಿದ್ದೀನಿ, ಎಷ್ಟು ದುಡ್ಡು ಇಟ್ಟುಕೊಂಡಿರಬೇಕು?" ಅವರಲ್ಲಿ ಒಬ್ಬರ ಲೆಕ್ಕವನ್ನು ಇಲ್ಲಿ ಪೂರ್ತಿ ಬಿಡಿಸಿ ಇಡುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಹೆಸರು ಬದಲಿಸಿದ್ದೇನೆ, ಮೊತ್ತಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಹಿನ್ನೆಲೆ

ಸುಮಾ ಅನ್ನೋಣ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟ್ ಲೀಡ್, ವಯಸ್ಸು 34. ಸಂಬಳ ವರ್ಷಕ್ಕೆ 15 ಲಕ್ಷದ ಹತ್ತಿರ, ಕೈಗೆ ಬರುತ್ತಿದ್ದದ್ದು ತಿಂಗಳಿಗೆ 98,000. ಗಂಡ ಖಾಸಗಿ ಕಾಲೇಜಿನಲ್ಲಿ ಲೆಕ್ಚರರ್, ಸಂಬಳ 32,000. ಕನಕಪುರ ರಸ್ತೆ ಕಡೆ ಒಂದು ಫ್ಲ್ಯಾಟ್. ಅದರ ಮೇಲೆ 30 ಲಕ್ಷ ಸಾಲ ಬಾಕಿ, ಇಎಂಐ 26,800. ಜೊತೆಯಲ್ಲಿ ಸುಮಾ ಅವರ ತಾಯಿ ಇದ್ದರು, 63 ವರ್ಷ, ಸಕ್ಕರೆ ಕಾಯಿಲೆ.

2022ರ ಫೆಬ್ರವರಿಯಲ್ಲಿ ಮಗಳಿಗೆ ಎರಡು ವರ್ಷ ತುಂಬಿತ್ತು. ಇನ್ನೂ ಮಾತು ಬಂದಿರಲಿಲ್ಲ. ಪರೀಕ್ಷೆ ಮಾಡಿಸಿದರೆ ಎರಡೂ ಕಿವಿ ಮಂದ. ಶ್ರವಣ ಯಂತ್ರ ಹಾಕಿಸಿದರು. ಆದರೆ ಯಂತ್ರ ಹಾಕಿದ ಕೂಡಲೇ ಮಗು ಮಾತಾಡಲ್ಲ. ಕೇಳಿಸುವುದು ಏನು, ಅದಕ್ಕೆ ಅರ್ಥ ಏನು ಅಂತ ದಿನಾ ಕೂತು ಕಲಿಸಬೇಕು. ತಾಯಿಯೋ ಮನೆಯವರೊಬ್ಬರೋ ಮಗುವಿನ ಪಕ್ಕದಲ್ಲೇ ಕೂತು ತಾವೂ ಕಲಿಯುವಂಥ ಶಾಲಾಪೂರ್ವ ತರಗತಿಗಳು ಮೈಸೂರಿನಲ್ಲಿವೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಲ್ಲೇ ಇರುವುದರಿಂದ ಊರೂರಿನಿಂದ ಜನ ಅಲ್ಲಿಗೆ ಹೋಗಿ ವರ್ಷಗಟ್ಟಲೆ ಬಾಡಿಗೆ ಮನೆ ಹಿಡಿದು ಇರುತ್ತಾರೆ. ಸುಮಾ ಅವರಿಗೂ ಅದೇ ಸಲಹೆ ಸಿಕ್ಕಿತು: ಕಡಿಮೆ ಅಂದರೂ ಒಂದು ವರ್ಷ, ತರಗತಿ ಜೂನ್‌ನಿಂದ, ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು.

ಮಾರ್ಚ್ ಮೊದಲ ವಾರ ಗಂಡ ಹೆಂಡತಿ ಇಬ್ಬರೂ ನನ್ನ ಹತ್ತಿರ ಬಂದರು. ಏಪ್ರಿಲ್ ಒಂದಕ್ಕೆ ಕೆಲಸ ಬಿಡುವುದು ಅಂತ ತೀರ್ಮಾನ ಆಗಿಬಿಟ್ಟಿತ್ತು. ನನ್ನಿಂದ ಬೇಕಾಗಿದ್ದದ್ದು ಒಂದು ಹೂಂ ಅಷ್ಟೇ.

ಮೂರು ಲಕ್ಷ ಸಾಕು ಅನ್ನಿಸಿದ್ದು ಯಾಕೆ

ಅವರು ಮೊದಲು ಮಾಡಿದ ಲೆಕ್ಕ 98,000 ಗುಣಿಸು 12. ಹನ್ನೆರಡು ಲಕ್ಷ ಚಿಲ್ಲರೆ. ಅದನ್ನು ನೋಡಿ ಎರಡು ರಾತ್ರಿ ನಿದ್ದೆ ಬರಲಿಲ್ಲವಂತೆ. ಆಮೇಲೆ ಗಂಡನಿಗೆ ಹೊಳೆದದ್ದು, ಹೋಗುವ ಸಂಬಳವನ್ನೆಲ್ಲ ತುಂಬಿಕೊಡಬೇಕಾಗಿಲ್ಲ, ಖರ್ಚಿಗೂ ಉಳಿದ ಆದಾಯಕ್ಕೂ ನಡುವಿನ ಕೊರತೆಯನ್ನು ತುಂಬಿದರೆ ಸಾಕು. ಸರಿಯಾದ ಯೋಚನೆ. ಮೈಸೂರಿಗೆ ಹೋದರೆ ಫ್ಲ್ಯಾಟ್ ಬಾಡಿಗೆಗೆ ಕೊಡಬಹುದು, 18,000 ಬರುತ್ತದೆ. ಗಂಡ ಬೆಂಗಳೂರಿನಲ್ಲಿ ಅಣ್ಣನ ಮನೆಯಲ್ಲಿ ಇದ್ದುಕೊಂಡು ಶನಿವಾರ ರೈಲು ಹತ್ತುವುದು. ಅಲ್ಲಿಗೆ ತಿಂಗಳ ಆದಾಯ 50,000.

ಖರ್ಚು ಹೀಗಿತ್ತು. ಇಎಂಐ 26,800, ಮೈಸೂರಿನ ಬಾಡಿಗೆ 11,000, ದಿನಸಿ, ಹಾಲು, ಗ್ಯಾಸ್, ಕರೆಂಟು ಸೇರಿ 17,000. ಗಂಡನ ಓಡಾಟ ಮತ್ತು ಅಣ್ಣನ ಮನೆಗೆ ಕೊಡುವುದು 7,000. ತರಗತಿ, ಥೆರಪಿ, ಯಂತ್ರದ ಬ್ಯಾಟರಿ, ಕಿವಿಯ ಅಚ್ಚು 6,000. ಈ ಅಚ್ಚಿನ ವಿಷಯ ನನಗೂ ಹೊಸದು. ಮಗು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತದೆ, ಅಚ್ಚು ಸಡಿಲವಾಗಿ ಯಂತ್ರ ಕುಯ್ಯ್ ಅನ್ನತೊಡಗುತ್ತದೆ, ಕೆಲವು ತಿಂಗಳಿಗೊಮ್ಮೆ ಹೊಸದು ಮಾಡಿಸಲೇಬೇಕು. ಅಮ್ಮನ ಮಾತ್ರೆ 3,000, ಆಟೋ, ಪೆಟ್ರೋಲು, ಫೋನು 4,200. ಒಟ್ಟು 75,000. ಕೊರತೆ 25,000. ಹನ್ನೆರಡು ತಿಂಗಳಿಗೆ 3 ಲಕ್ಷ.

ಅವರ ಹತ್ತಿರ ಎಫ್‌ಡಿ 1.9 ಲಕ್ಷ, ಮ್ಯೂಚುವಲ್ ಫಂಡ್ 1.2 ಲಕ್ಷ, ಒಟ್ಟು 3.1 ಲಕ್ಷ ಇತ್ತು. ಸಾಕಲ್ವಾ ಅಂತ ಕೇಳಿದರು.

ಸಾಕಾಗಲ್ಲ ಅಂದೆ. ಬ್ಯಾಂಕ್ ಪಾಸ್‌ಬುಕ್ ತರಿಸಿ ಹಿಂದಿನ ಒಂದು ವರ್ಷದ್ದು ಸಾಲು ಸಾಲಾಗಿ ನೋಡಿದೆವು. ಇಷ್ಟು ಮಾಡಲು ಒಂದು ಸಂಜೆ ಸಾಕು, ಆದರೆ ಯಾರೂ ಮಾಡಲ್ಲ. ತಿಂಗಳ ಪಟ್ಟಿಯಲ್ಲಿ ಕಾಣಿಸದ, ವರ್ಷಕ್ಕೊಮ್ಮೆ ಬರುವ ಖರ್ಚುಗಳು ಆಗ ಹೊರಗೆ ಬಂದವು. ಎಲ್‌ಐಸಿ 24,000. ಕಾರಿನ ವಿಮೆ ಮತ್ತು ಮನೆ ಕಂದಾಯ ಸೇರಿ 13,000. ಮದುವೆ ಮುಯ್ಯಿ, ಗೌರಿ ಹಬ್ಬ, ದೀಪಾವಳಿ, ಒಂದು ಗೃಹಪ್ರವೇಶ ಎಲ್ಲ ಸೇರಿ 25,000. ಇದಿಷ್ಟು ಮೊದಲಿಂದ ಇದ್ದದ್ದು. ಹೊಸದಾಗಿ ಸೇರಿದ್ದು ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಅದಕ್ಕೆ ಬದಲು ಮೂವರಿಗೆ ಸೇರಿ ಸ್ವಂತ ಪಾಲಿಸಿ, 22,000. ಒಟ್ಟು 84,000, ಅಂದರೆ ತಿಂಗಳಿಗೆ 7,000. ಕೊರತೆ 25,000 ಇದ್ದದ್ದು 32,000 ಆಯಿತು.

ಇನ್ನೂ ಎರಡು ಬಾಕಿ. ಒಂದು, ವಿರಾಮ ಮುಗಿದ ದಿನವೇ ಯಾರೂ ಕರೆದು ಕೆಲಸ ಕೊಡಲ್ಲ. ಹುಡುಕುವುದಕ್ಕೆ ಮತ್ತು ಮೊದಲ ಸಂಬಳ ಬರುವವರೆಗೆ ನಾಲ್ಕು ತಿಂಗಳು ಬೇಕು. ಹಾಗಾಗಿ 32,000ವನ್ನು 12ರಿಂದ ಅಲ್ಲ, 16ರಿಂದ ಗುಣಿಸಬೇಕು: 5.12 ಲಕ್ಷ. ಎರಡು, ಆಪತ್ತಿನ ಹಣ 2 ಲಕ್ಷ. ಸಂಬಳ ನಿಂತ ಮೇಲೆ ಬ್ಯಾಂಕಿನವರು ಪರ್ಸನಲ್ ಲೋನ್ ಕೊಡಲ್ಲ, ಆದ್ದರಿಂದ ಇದನ್ನು ಮೊದಲೇ ಎತ್ತಿಡಬೇಕು. ಎಲ್ಲ ಸೇರಿ 7 ಲಕ್ಷದ ಮೇಲೆ.

ಸುಮಾ ಹಾಳೆಯನ್ನೇ ನೋಡುತ್ತಾ ಕೂತರು. "ಹಾಗಾದ್ರೆ ಬಿಡೋಕೇ ಆಗಲ್ಲ" ಅಂದರು.

ತಾರೀಖಿನ ಪ್ರಶ್ನೆ

ಆಗ ನಾನು ಕೇಳಿದ್ದು ಎರಡೇ ಪ್ರಶ್ನೆ. ಈ ಕಂಪನಿಗೆ ಸೇರಿದ್ದು ಯಾವತ್ತು? ಕೆಲಸ ಬಿಡುವುದು ಏಪ್ರಿಲ್‌ನಲ್ಲೇ ಯಾಕೆ?

ಸೇರಿದ್ದು 2017ರ ಸೆಪ್ಟೆಂಬರ್ ಮೊದಲ ವಾರ. ಅಂದರೆ ಆಗ ಆಗಿದ್ದದ್ದು ನಾಲ್ಕೂವರೆ ವರ್ಷ. ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಅಂದರೆ ಗ್ರಾಚ್ಯುಟಿ ಸಿಗಲು ಐದು ವರ್ಷ ಸತತ ಸೇವೆ ಬೇಕು. ಲೆಕ್ಕ ಸರಳ: ಕೊನೆಯ ತಿಂಗಳ ಮೂಲ ವೇತನ, ಗುಣಿಸು 15, ಭಾಗಿಸು 26, ಗುಣಿಸು ಸೇವೆಯ ವರ್ಷ. ಇವರ ಮೂಲ ವೇತನ 55,000. ಐದು ವರ್ಷಕ್ಕೆ 1.58 ಲಕ್ಷ, ಅದೂ ತೆರಿಗೆ ಇಲ್ಲದೆ. ಏಪ್ರಿಲ್‌ನಲ್ಲಿ ಬಿಟ್ಟಿದ್ದರೆ ಸೊನ್ನೆ.

ಇನ್ನೊಂದು ತೆರಿಗೆ. ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್. ವಿರಾಮವೂ ಏಪ್ರಿಲ್‌ನಿಂದ ಮಾರ್ಚ್ ಆದರೆ ಒಂದು ವರ್ಷ ಆದಾಯವೇ ಇಲ್ಲ, ಮಾರನೇ ವರ್ಷ ಪೂರ್ತಿ 15 ಲಕ್ಷಕ್ಕೆ ತೆರಿಗೆ. ಅದೇ ವಿರಾಮವನ್ನು ಅಕ್ಟೋಬರ್‌ನಿಂದ ಸೆಪ್ಟೆಂಬರ್‌ಗೆ ಜರುಗಿಸಿದರೆ ಎರಡೂ ವರ್ಷ ಅರ್ಧರ್ಧ ಸಂಬಳ, ತಲಾ ಏಳೂವರೆ ಲಕ್ಷ. ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಪಿಎಫ್, ಎಲ್‌ಐಸಿ ಥರದ ಉಳಿತಾಯಕ್ಕೆ ಸಿಗುವ 80ಸಿಯ ಒಂದೂವರೆ ಲಕ್ಷ, ಬಾಡಿಗೆ ಆದಾಯಕ್ಕಿಂತ ಜಾಸ್ತಿ ಕಟ್ಟಿದ ಮನೆ ಸಾಲದ ಬಡ್ಡಿ ಕಳೆದರೆ ಉಳಿಯುವುದು ಐದು ಲಕ್ಷಕ್ಕೂ ಕಡಿಮೆ. ಆಗ ಹಳೆಯ ಪದ್ಧತಿಯಲ್ಲಿ ತೆರಿಗೆಗೆ ಒಳಪಡುವ ಆದಾಯ 5 ಲಕ್ಷದೊಳಗಿದ್ದರೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ ಆಗುತ್ತಿತ್ತು. ಎರಡು ವರ್ಷ ಸೇರಿಸಿ ನೋಡಿದರೆ ಉಳಿತಾಯ ಸುಮಾರು ಒಂದೂವರೆ ಲಕ್ಷ. (ಮಿತಿಗಳು ಈಗ ಬೇರೆ. 2025ರ ಏಪ್ರಿಲ್‌ನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಸಂಬಳದಂಥ ಆದಾಯಕ್ಕೆ ತೆರಿಗೆ ಬರಲ್ಲ. ಆದರೆ ಎರಡು ವರ್ಷಕ್ಕೆ ಹಂಚುವ ಉಪಾಯ ಅದೇ, ಇನ್ನೂ ದೊಡ್ಡ ಸಂಬಳದವರಿಗೂ ಈಗ ಕೆಲಸಕ್ಕೆ ಬರುತ್ತದೆ.)

ಆರು ತಿಂಗಳು ತಡ ಮಾಡಿದರೆ ಹತ್ತಿರ ಹತ್ತಿರ ಮೂರು ಲಕ್ಷ. ಜೊತೆಗೆ ಆ ಆರು ತಿಂಗಳ ಉಳಿತಾಯ. ಏಳು ಲಕ್ಷ ಇದ್ದಕ್ಕಿದ್ದಂತೆ ಕೈಗೆಟುಕುವ ಹಾಗೆ ಕಂಡಿತು.

ಆದರೆ ಮಗು? ಹಾಳೆಯಲ್ಲಿ ಅದಕ್ಕೆ ಸಾಲು ಇರಲಿಲ್ಲ. ತರಗತಿ ಜೂನ್‌ಗೇ ಶುರು. ಮೂರು ದಿನ ಯೋಚಿಸಿ ಅವರೇ ಒಂದು ದಾರಿ ಹುಡುಕಿದರು. ಏಪ್ರಿಲ್, ಮೇನಲ್ಲಿ ಕಾಲೇಜಿಗೆ ರಜೆ, ಅಪ್ಪ ಬೆಂಗಳೂರಿನಲ್ಲೇ ದಿನಾ ಥೆರಪಿಗೆ ಕರೆದುಕೊಂಡು ಹೋಗುವುದು. ಜೂನ್‌ಗೆ ಮೈಸೂರಿಗೆ ಮನೆ ಬದಲಾಯಿಸುವುದು. ಕಂಪನಿಯಲ್ಲಿ ಆಗ ಇನ್ನೂ ವರ್ಕ್ ಫ್ರಮ್ ಹೋಮ್ ನಡೆಯುತ್ತಿತ್ತು, ಸುಮಾ ಸೆಪ್ಟೆಂಬರ್‌ವರೆಗೆ ಮೈಸೂರಿನಿಂದ ಕೆಲಸ ಮಾಡುವುದು, ಅಲ್ಲಿಯವರೆಗೆ ಅಜ್ಜಿ ಮಗುವಿನ ಜೊತೆ ತರಗತಿಯಲ್ಲಿ ಕೂರುವುದು. ನಾನು ಒಳ್ಳೆಯ ಉಪಾಯ ಅಂದೆ. ಈಗ ಕೇಳಿದರೆ ಅಷ್ಟು ಸಲೀಸಾಗಿ ಅನ್ನುತ್ತಿರಲಿಲ್ಲ.

ಸಂಬಳವಿಲ್ಲದ ರಜೆಯನ್ನೂ ಕೇಳಿ ನೋಡಿದರು. ಕೇಳಲೇಬೇಕು, ಯಾಕೆಂದರೆ ರಜೆಯಲ್ಲಿದ್ದರೆ ಕೆಲಸ ಉಳಿಯುತ್ತದೆ, ಬಹಳ ಕಡೆ ವಿಮೆಯೂ ಉಳಿಯುತ್ತದೆ. ಮೂರು ತಿಂಗಳಿಗಿಂತ ಜಾಸ್ತಿ ಕೊಡಲ್ಲ ಅಂದರು. ಬೇಕಾದದ್ದು ಹನ್ನೆರಡು. ರಾಜೀನಾಮೆಯೇ ಸರಿ ಅಂತಾಯಿತು.

ಆರು ತಿಂಗಳ ತಯಾರಿ

ಏಪ್ರಿಲ್‌ನಿಂದಲೇ ಸಂಬಳ ಇಲ್ಲದವರ ಹಾಗೆ ಬದುಕಿ ನೋಡಿ ಅಂದೆ. ಸಂಬಳ ಬಂದ ದಿನವೇ ತಿಂಗಳಿಗೆ 40,000 ಬೇರೆ ಖಾತೆಗೆ. ಆರು ತಿಂಗಳಿಗೆ 2.4 ಲಕ್ಷ. ಉಳಿತಾಯದ ಜೊತೆಗೆ ಇದು ಒಂದು ಪರೀಕ್ಷೆ ಕೂಡ. ಎರಡನೇ ತಿಂಗಳೇ 6,000 ಕಡಿಮೆ ಬಿತ್ತು. ಎಲ್ಲಿ ಅಂತ ಹುಡುಕಿದರೆ ಹೊರಗಿನಿಂದ ಊಟ ತರಿಸುವುದು.

ಮ್ಯೂಚುವಲ್ ಫಂಡ್ 1.2 ಲಕ್ಷವನ್ನು ಮೊದಲೇ ಮಾರಿಸಿದೆ. ಗಂಡನಿಗೆ ಇಷ್ಟ ಇರಲಿಲ್ಲ, ಮಾರ್ಕೆಟ್ ಏರುತ್ತೆ ಅಂದರು. ಏರಬಹುದು. ಆದರೆ ಆರೇಳು ತಿಂಗಳಲ್ಲಿ ಅಕ್ಕಿ ಬೇಳೆಗೆ ಬೇಕಾದ ದುಡ್ಡು ಷೇರಿನಲ್ಲಿ ಇರಬಾರದು ಅನ್ನುವುದು ನನ್ನ ಹಟ.

ಆರೋಗ್ಯ ವಿಮೆಯನ್ನು ಜೂನ್‌ನಲ್ಲೇ ಮಾಡಿಸಿದರು. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಮೊದಲ 30 ದಿನ ಏನೂ ಸಿಗಲ್ಲ. ಕೆಲಸ ಬಿಟ್ಟ ಮೇಲೆ ಮಾಡಿಸಿದರೆ ಆ ಒಂದು ತಿಂಗಳು ಬರಿಗೈ. ಅಮ್ಮನದು ಕಷ್ಟ ಆಯಿತು. ಗುಂಪು ವಿಮೆಯಲ್ಲಿ ಅವರೂ ಇದ್ದರು. ಹೊಸದು ಮಾಡಿಸಿದರೆ ಕಂತು ಜಾಸ್ತಿ, ಮೊದಲೇ ಇದ್ದ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕು. ಬೇಡ, ಆಪತ್ತಿನ ಎರಡು ಲಕ್ಷವೇ ಅಮ್ಮನ ವಿಮೆ ಅಂತ ಬಿಟ್ಟರು. ಅದು ಜೂಜು. ಅದೃಷ್ಟಕ್ಕೆ ಏನೂ ಆಗಲಿಲ್ಲ, ಹಾಗಂತ ಸರಿಯಾದ ತೀರ್ಮಾನ ಅಂತ ನಾನು ಹೇಳಲ್ಲ.

ಜುಲೈನಲ್ಲಿ ಫ್ಲ್ಯಾಟ್‌ಗೆ ಬಾಡಿಗೆಯವರು ಬಂದರು, ಒಂದೂವರೆ ಲಕ್ಷ ಅಡ್ವಾನ್ಸ್ ಕೊಟ್ಟರು. "ಇದನ್ನೂ ಸೇರಿಸಿದರೆ ಎಂಟೂವರೆ ಲಕ್ಷ ಆಯ್ತಲ್ಲ ಸರ್" ಅಂತ ಖುಷಿಯಾಗಿ ಫೋನ್ ಬಂತು. ಅದು ನಿಮ್ಮ ದುಡ್ಡಲ್ಲ, ಬೇರೆ ಎಫ್‌ಡಿ ಮಾಡಿ ಮರೆತುಬಿಡಿ ಅಂದೆ.

ಸೆಪ್ಟೆಂಬರ್ 30 ಕೊನೆಯ ದಿನ. ಕೈಯಲ್ಲಿ 5.5 ಲಕ್ಷ, ಬರಬೇಕಾದ ಗ್ರಾಚ್ಯುಟಿ 1.58 ಲಕ್ಷ. ಪಿಎಫ್ ಮುಟ್ಟಲಿಲ್ಲ.

ಆ ವರ್ಷ ನಡೆದದ್ದು

ಪ್ರತಿ ತಿಂಗಳು ಒಂದನೇ ತಾರೀಖು ಉಳಿತಾಯದ ಖಾತೆಯಿಂದ ಮನೆ ಖಾತೆಗೆ 32,000. ಸುಮಾ ಇದಕ್ಕೆ "ನನ್ನ ಸಂಬಳ" ಅಂತಲೇ ಹೆಸರಿಟ್ಟಿದ್ದರು. ತಿಂಗಳ ಮಧ್ಯೆ ಮತ್ತೆ ಕೈ ಹಾಕುವ ಹಾಗಿಲ್ಲ.

ಗ್ರಾಚ್ಯುಟಿ 30 ದಿನದೊಳಗೆ ಕೊಡಬೇಕು ಅಂತ ಕಾನೂನು. ಬಂದದ್ದು ಡಿಸೆಂಬರ್‌ನಲ್ಲಿ, ಮೂರು ಮೇಲ್ ಹಾಕಿದ ಮೇಲೆ. ಮೊದಲ ತಿಂಗಳ ಖರ್ಚಿಗೇ ಆ ದುಡ್ಡನ್ನು ನೆಚ್ಚಿಕೊಂಡಿದ್ದರೆ ಪಚೀತಿ ಆಗುತ್ತಿತ್ತು.

ಫೆಬ್ರವರಿಯಲ್ಲಿ ಬ್ಯಾಂಕಿನಿಂದ ಒಂದು ಪತ್ರ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಅಂದರೆ ರೆಪೊ ದರವನ್ನು 4ರಿಂದ 6.5ಕ್ಕೆ ಏರಿಸಿತ್ತು. ಇವರ ಸಾಲದ ಬಡ್ಡಿ 6.9 ಇದ್ದದ್ದು 9.4 ಆಯಿತು. ಇಎಂಐ ಅದೇ 26,800, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ಬೆಳೆದದ್ದು ಅವಧಿ: 15 ವರ್ಷದ ಸಾಲ 22 ವರ್ಷ ದಾಟಿತ್ತು. ತಿಂಗಳ ಕಂತಿನಲ್ಲಿ 23,000ಕ್ಕೂ ಮೇಲೆ ಬರೀ ಬಡ್ಡಿಗೇ ಹೋಗುತ್ತಿತ್ತು. ಗಂಡನಿಗೆ ತಡೆಯಲಾಗಲಿಲ್ಲ. ಎರಡು ಲಕ್ಷ ತೆಗೆದು ಅಸಲಿಗೆ ಕಟ್ಟಿಬಿಡೋಣ, ಎಫ್‌ಡಿಯಲ್ಲಿ ಏಳು ಪರ್ಸೆಂಟೂ ಬರಲ್ಲ, ಇಲ್ಲಿ ಒಂಬತ್ತು ಉಳಿಯುತ್ತೆ ಅಂದರು. ಲೆಕ್ಕ ಸರಿ. ಆದರೂ ಬೇಡ ಅಂದೆ. ಸಾಲಕ್ಕೆ ಹಾಕಿದ ದುಡ್ಡು ವಾಪಸ್ ಬರಲ್ಲ, ಸಂಬಳದ ಚೀಟಿ ಇಲ್ಲದೆ ಅದೇ ಬ್ಯಾಂಕ್ ಐವತ್ತು ಸಾವಿರವನ್ನೂ ಕೊಡಲ್ಲ. ಕೆಲಸ ಸಿಕ್ಕ ಮೇಲೆ ಇಎಂಐಯನ್ನು 31,000ಕ್ಕೆ ಏರಿಸಿಕೊಳ್ಳಿ, ಅವಧಿ ಮತ್ತೆ ಹದಿನೈದರ ಹತ್ತಿರಕ್ಕೆ ಇಳಿಯುತ್ತೆ ಅಂತ ಒಪ್ಪಿಸಿದೆ.

ಅದಾಗಿ ಹದಿನೈದು ದಿನಕ್ಕೆ ಶ್ರವಣ ಯಂತ್ರ ಒಂದು ಕಳೆದುಹೋಯಿತು. ಮೈಸೂರಿನ ಮೃಗಾಲಯದಲ್ಲಿ. ಮಗು ಟೋಪಿ ತೆಗೆದು ಎಸೆದಿದೆ, ಅದರ ಜೊತೆ ಎಡಗಿವಿಯದು ಎಲ್ಲೋ ಬಿದ್ದಿದೆ. ಗಂಡ ಹೆಂಡತಿ ಇಬ್ಬರೂ ಜಿರಾಫೆ ಆವರಣದಿಂದ ಗೇಟಿನವರೆಗೆ ಬಗ್ಗಿಕೊಂಡು ಎರಡು ಸಲ ಓಡಾಡಿದರಂತೆ. ಸಿಗಲಿಲ್ಲ. ವಾರಂಟಿ ರಿಪೇರಿಗೆ ಮಾತ್ರ, ಕಳೆದದ್ದಕ್ಕೆ ಇಲ್ಲ. ಅವರ ಆರೋಗ್ಯ ವಿಮೆಯೂ ಯಂತ್ರಕ್ಕೆ ಬರಲ್ಲ. ಒಂದೇ ಕಿವಿಯಲ್ಲಿ ಬಿಡುವ ಹಾಗಿಲ್ಲ. ಮೂರನೇ ದಿನ 38,000 ಕೊಟ್ಟು ಹೊಸದು ತಂದರು. ಆವತ್ತು ರಾತ್ರಿ ಗಂಡ ಫೋನ್ ಮಾಡಿ, "ಆ ಎರಡು ಲಕ್ಷ ಬ್ಯಾಂಕಿಗೆ ಕಟ್ಟದೇ ಇದ್ದದ್ದು ಒಳ್ಳೇದಾಯ್ತು" ಅಂದರು. ನನಗೆ ಖುಷಿಪಡಲೂ ಆಗಲಿಲ್ಲ.

ಮೇನಲ್ಲಿ ಬಾಡಿಗೆಯವರು ಮನೆ ಖಾಲಿ ಮಾಡಿದರು. ಒಂದೂವರೆ ಲಕ್ಷ ಅಡ್ವಾನ್ಸ್ ಒಂದೇ ದಿನ ವಾಪಸ್ ಕೊಡಬೇಕಿತ್ತು, ಎಫ್‌ಡಿ ಮುರಿದು ಕೊಟ್ಟರು. ಎರಡು ತಿಂಗಳು ಮನೆ ಖಾಲಿ, 36,000 ಖೋತಾ, ಬಣ್ಣ ಹೊಡೆಸಲು 20,000. ಇದನ್ನು ನಮ್ಮ ಹಾಳೆಯಲ್ಲಿ ಬರೆದೇ ಇರಲಿಲ್ಲ. ಬಾಡಿಗೆ ಆದಾಯವನ್ನು ಹನ್ನೆರಡು ತಿಂಗಳಿಗೆ ಹಿಡಿದದ್ದು ನನ್ನದೇ ತಪ್ಪು. ಈಗ ನಾನು ಹತ್ತು ತಿಂಗಳಿಗೆ ಮಾತ್ರ ಹಿಡಿಯುತ್ತೇನೆ. ಇವರನ್ನು ಕಾಪಾಡಿದ್ದು ತೆರಿಗೆ. ಹಿಂದಿನ ವರ್ಷದ ಏಪ್ರಿಲ್‌ನಿಂದ ಕಂಪನಿ ಪೂರ್ತಿ ವರ್ಷದ ಸಂಬಳ ಅಂದುಕೊಂಡು ಸಂಬಳದಲ್ಲೇ ತೆರಿಗೆ, ಅಂದರೆ ಟಿಡಿಎಸ್ ಮುರಿದಿತ್ತು. ರಿಟರ್ನ್ ಹಾಕಿದ ಮೇಲೆ ಆಗಸ್ಟ್‌ನಲ್ಲಿ 58,000 ವಾಪಸ್ ಬಂತು.

ವಾಪಸ್ ಕೆಲಸಕ್ಕೆ

ಹುಡುಕಲು ಸೆಪ್ಟೆಂಬರ್‌ವರೆಗೆ ಕಾಯಬೇಡಿ ಅಂತ ಹೇಳಿದ್ದಕ್ಕೆ ಸುಮಾ ಜೂನ್‌ನಲ್ಲೇ ಶುರು ಮಾಡಿದರು. 2023ರಲ್ಲಿ ಐಟಿ ಕಂಪನಿಗಳು ಜನ ತೆಗೆದುಕೊಳ್ಳುವುದನ್ನೇ ಕಡಿಮೆ ಮಾಡಿದ್ದವು. ನಾಲ್ಕು ತಿಂಗಳು ಬರೀ ಇಂಟರ್‌ವ್ಯೂ. ಪ್ರತಿ ಸಲವೂ "ಈ ಗ್ಯಾಪ್ ಯಾಕೆ?" ಮೊದಮೊದಲು ಉದ್ದ ವಿವರಣೆ ಕೊಡುತ್ತಿದ್ದರು. ಆಮೇಲೆ ಎರಡೇ ವಾಕ್ಯಕ್ಕೆ ಇಳಿಸಿದರು: ಮಗಳ ಥೆರಪಿಗೆ ಒಂದು ವರ್ಷ ಅಂತ ಮೊದಲೇ ತೀರ್ಮಾನಿಸಿ ಬಿಟ್ಟಿದ್ದೆ, ಅದು ಮುಗಿಯಿತು.

ಅಕ್ಟೋಬರ್‌ನಲ್ಲಿ ಒಂದು ಆಫರ್ ಬಂತು, ಹಳೇ ಸಂಬಳಕ್ಕಿಂತ ಕಾಲು ಭಾಗ ಕಡಿಮೆ. ಒಪ್ಪಿಕೊಳ್ಳುವುದಕ್ಕೆ ಮನೆಯವರೆಲ್ಲ ತಯಾರು. ಖಾತೆಯಲ್ಲಿ ಎಷ್ಟಿದೆ ಅಂತ ಕೇಳಿದೆ. 2.88 ಲಕ್ಷ. 32,000ದಿಂದ ಭಾಗಿಸಿ ಅಂದೆ. ಒಂಬತ್ತು ತಿಂಗಳು. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದ್ರೆ ಬೇಡ ಅಂತೀನಿ ಸರ್" ಅಂದರು. 2024ರ ಜನವರಿಯಲ್ಲಿ ಬೇರೆ ಕಂಪನಿ ಸೇರಿದರು, ಹಳೆಯದಕ್ಕಿಂತ ನೂರಕ್ಕೆ ಎಂಟು ಕಡಿಮೆ. ಒಂದು ವರ್ಷದ ವಿರಾಮ ಹದಿನೈದು ತಿಂಗಳಾಗಿತ್ತು. ಮೊದಲ ಸಂಬಳ ಬಂದ ದಿನ ಉಳಿದದ್ದು 1.6 ಲಕ್ಷ.

ಹಾಳೆಯಲ್ಲಿ ಇಲ್ಲದ್ದು

ದುಡ್ಡಿನ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳ ವಿಷಯ ಬಾಕಿ ಇದೆ. ಅಜ್ಜಿ ತರಗತಿಗೆ ಹೋಗುತ್ತಿದ್ದರು, ನೋಟ್‌ಬುಕ್‌ನಲ್ಲಿ ಬರೆದುಕೊಂಡೂ ಬರುತ್ತಿದ್ದರು. ಆದರೆ ಆ ತರಗತಿಯ ಕೆಲಸ ನಡೆಯುವುದು ಮನೆಯಲ್ಲಿ. ಬೆಳಗ್ಗೆ ಕಲಿತ "ಚೆಂಡು ಕೊಡು", "ಹಾಲು ಬೇಕಾ" ಅನ್ನುವುದನ್ನು ದಿನವಿಡೀ ನೂರು ಸಲ ಅದೇ ರೀತಿ ಹೇಳಬೇಕು. ಸುಮಾ ಪಕ್ಕದ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗ್‌ನಲ್ಲಿ. ಅಜ್ಜಿ ಮಧ್ಯಾಹ್ನಕ್ಕೆ ಸುಸ್ತು. ಅಕ್ಟೋಬರ್‌ನಲ್ಲಿ ಸುಮಾ ಸ್ವತಃ ಹೋಗಿ ಕೂತಾಗ, ಇವಳು ಹೆಚ್ಚು ಕಡಿಮೆ ಈಗ ಶುರು ಮಾಡಿದ ಹಾಗೆ ಅಂದರಂತೆ ಟೀಚರ್.

ಈಚೆಗೆ ರಿಟರ್ನ್ ಕೆಲಸಕ್ಕೆ ಬಂದಿದ್ದಾಗ ನಾನೇ ಕೇಳಿದೆ, ಈಗ ಆದರೆ ಏನು ಮಾಡುತ್ತಿದ್ದಿರಿ ಅಂತ. ಸೆಪ್ಟೆಂಬರ್‌ವರೆಗೆ ಕಾಯುವುದು ಸರಿಯೇ, ಅದಿಲ್ಲದೆ ಅಕ್ಟೋಬರ್‌ನ ಆಫರ್ ಬೇಡ ಅನ್ನುವ ಧೈರ್ಯ ಇರುತ್ತಿರಲಿಲ್ಲ ಅಂದರು. ಆದರೆ ಕಂಪನಿ ಕೊಡುತ್ತೇನೆ ಅಂದಿದ್ದ ಆ ಮೂರು ತಿಂಗಳ ಸಂಬಳವಿಲ್ಲದ ರಜೆಯನ್ನು ಜೂನ್‌ನಿಂದ ಆಗಸ್ಟ್‌ಗೆ ತೆಗೆದುಕೊಂಡು, ಸೆಪ್ಟೆಂಬರ್ ಒಂದು ತಿಂಗಳು ಮಾತ್ರ ಅಜ್ಜಿಗೆ ಬಿಡುತ್ತಿದ್ದರಂತೆ. ಮಂಜೂರಾದ ರಜೆಯಿಂದ ಗ್ರಾಚ್ಯುಟಿಯ ಸತತ ಸೇವೆ ತುಂಡಾಗಲ್ಲ. ನೋಟೀಸ್ ಅವಧಿ ಮುಂದೆ ಹೋಗಿ ಬಿಡುವುದು ಅಕ್ಟೋಬರ್ ಕೊನೆಗೆ ಆಗುತ್ತಿತ್ತೇನೋ. ಮೂರು ತಿಂಗಳ ಸಂಬಳ ಹೋಗುತ್ತಿತ್ತು, ಗ್ರಾಚ್ಯುಟಿ ಉಳಿಯುತ್ತಿತ್ತು. ಅವತ್ತು ಹನ್ನೆರಡು ತಿಂಗಳು ಬೇಕು, ಮೂರು ಸಾಲಲ್ಲ ಅಂತ ಇಬ್ಬರೂ ಅದನ್ನು ಪಕ್ಕಕ್ಕೆ ಸರಿಸಿದ್ದೆವು. ಎರಡನ್ನೂ ಜೋಡಿಸಬಹುದು ಅಂತ ಲೆಕ್ಕ ಮಾಡುವವನಾದ ನನಗಾದರೂ ಹೊಳೆಯಬೇಕಿತ್ತು.

ನಾವು ಮಾತಾಡುತ್ತಿದ್ದಾಗ ಮಗಳು ನನ್ನ ಮೇಜಿನ ಮೇಲಿದ್ದ ಸ್ಟೇಪ್ಲರ್ ಎತ್ತಿಕೊಂಡು, "ಇದು ಯಾಕೆ ಕಚ್ಚುತ್ತೆ?" ಅಂತ ಕೇಳಿದಳು. "ಕಚ್ಚುತ್ತೆ" ಅನ್ನುವುದು ಇನ್ನೂ ಸ್ವಲ್ಪ "ತತ್ತುತ್ತೆ" ಅಂತಲೇ ಕೇಳುತ್ತದೆ.